ಮೆಸ್ಸಿನಲ್ಲಿ ಓದಿದ ಪತ್ರ

ನಮ್ಮ ಕಾಲೇಜಿನ ನರ್ಸನ್ನು ಹುಡುಗಿಯರೆಲ್ಲ ಸೂಜಿಯಕ್ಕ ಎನ್ನುತ್ತಿದ್ದೆವು. ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ ಸೂಜಿ ಚುಚ್ಚಿದವರು, ಕೋಪ ಸದಾ ಮೂಗಿನ ತುದಿಯಲ್ಲೇ.

ಮೂರು ಹೊತ್ತೂ ಹಾಸ್ಟೆಲಿನ ಅನ್ನ, ಆಲೂಗಡ್ಡೆ ತಿಂದು ಐದು ದಿನ ಒದ್ದಾಡಿದ ಮೇಲೆ ನಾನು ಅವರ ಬಳಿ ಹೋದೆ. ಅವರು ಔಷಧಿ ಕೊಟ್ಟು ವಾರ್ಡನ್‌ಗೆ ಪತ್ರ ಬರೆದರು: ‘ಈ ವಿದ್ಯಾರ್ಥಿನಿಗೆ ಮಲಬದ್ಧತೆಯಿದೆ. ದಿನವೂ ಮೊಸರು, ಹಣ್ಣು, ತರಕಾರಿ ಕೊಡಿಸಬೇಕಾಗಿ ವಿನಂತಿ.’

ವಾರ್ಡನ್ ಮೇಡಂ ಅದನ್ನು ಮಧ್ಯಾಹ್ನ ಮೆಸ್ಸಿನಲ್ಲಿ, ನನ್ನ ಹೆಸರಿನ ಸಮೇತ ಗಟ್ಟಿಯಾಗಿ ಓದಿದರು. “ಮಹಾರಾಣಿಗೆ ಬೇರೆ ಊಟ ಬೇಕಂತೆ!” ಮೆಸ್ಸಿಗೆ ಮೆಸ್ಸೇ ನಕ್ಕಿತು. ನಾನು ತಟ್ಟೆ ಬಿಟ್ಟು ಎದ್ದೆ.

ಸುದ್ದಿ ಕೇಳಿ ಸೂಜಿಯಕ್ಕ ಹಲ್ಲು ಕಡಿದರು. “ಅಳಬೇಡ. ಅವಳೂ ಅದೇ ಅನ್ನ ತಿನ್ನೋದು.”

ಮೂರು ವಾರದ ನಂತರ ಜ್ವರ ಬಂದು ನಾನು ಅವರ ಕೋಣೆಯ ಪರದೆಯ ಹಿಂದೆ ಮಲಗಿದ್ದಾಗ ವಾರ್ಡನ್ ಬಂದು ಪಿಸುಗುಟ್ಟಿದರು. “ಸಿಸ್ಟರ್, ನಾಲ್ಕು ದಿನ ಆಯ್ತು, ಹೊಟ್ಟೆ ಕಲ್ಲಾಗಿದೆ. ಯಾರಿಗೂ ಹೇಳ್ಬೇಡಿ.”

ಸೂಜಿಯಕ್ಕ ನಿಧಾನವಾಗಿ ಏನೋ ಬರೆದರು. “ಔಷಧಿ ತಗೊಳ್ಳಿ. ಮೊಸರು, ಹಣ್ಣು, ತರಕಾರಿಗೆ ಪತ್ರಾನೂ ಬರ್ದಿದ್ದೀನಿ. ನಾಳೆ ಮೆಸ್ಸಲ್ಲಿ ನೀವೇ ಓದ್ತೀರೋ, ನಾನು ಬಂದು ಓದ್ಲೋ?”

ಮರುದಿನ ಎಲ್ಲರ ತಟ್ಟೆಗೂ ಮೊಸರು, ತರಕಾರಿ, ಬಾಳೆಹಣ್ಣು ಬಂತು. ಬಡಿಸಿದ್ದು ವಾರ್ಡನ್ನೇ. ಬಾಗಿಲಲ್ಲಿ ಸೂಜಿಯಕ್ಕ ಮಡಿಸಿದ ಪತ್ರ ಹಿಡಿದು ನಿಂತಿದ್ದರು.

“ಈಗಲಾದ್ರೂ ಹರಿದು ಹಾಕಿ, ಸಿಸ್ಟರ್.”

“ಮೊದ್ಲು ಇವಳ ಕ್ಷಮೆ ಕೇಳಿ,” ಎಂದು ಸೂಜಿಯಕ್ಕ ನನ್ನತ್ತ ಬೆರಳು ತೋರಿಸಿದರು. “ಗಟ್ಟಿಯಾಗಿ. ಅವತ್ತು ಓದಿದಷ್ಟೇ ಗಟ್ಟಿಯಾಗಿ.”