ಐದನೇ ಪಾಠ ಎಲ್ಲಿ ಹೋಯ್ತು?

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಇದೆ. ಅಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುವವರನ್ನು ಎಲ್ಲರೂ ಲೂಪ್ ಮೇಷ್ಟ್ರು ಅಂತಲೇ ಕರೆಯೋದು. ಪ್ರೋಗ್ರಾಮಿನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದಕ್ಕೆ ಲೂಪ್ ಅಂತಾರೆ; ಇವರೂ ಹೇಳಿದ್ದನ್ನೇ ಹೇಳ್ತಾರೆ, ಅದಕ್ಕೆ. ಒಂದು ಸಲ ಹೇಳಿ ಮುಖ ನೋಡ್ತಾರೆ, ಎದುರಿಗಿದ್ದವರ ಹುಬ್ಬು ಸ್ವಲ್ಪ ಗಂಟಾದರೂ ಸಾಕು, ಮತ್ತೆ ಮೊದಲಿಂದ ಶುರು. ಕೆಳಗೆ ಚಕ್ರ ಬಿಚ್ಚುವ ಮೆಷಿನ್ನು ಗರ್ ಅಂತ ಶುರುವಾದರೆ ಮೂರನೇ ಸಲವೂ ಹೇಳ್ತಾರೆ, ಬೇಜಾರಿಲ್ಲದೆ.

ಅವರು ವಿಡಿಯೋ ಪಾಠ ಶುರುಮಾಡಿದ್ದೂ ಆ ಮೆಷಿನ್ನಿನ ಪುಣ್ಯದಿಂದಲೇ. ಗದ್ದಲದಲ್ಲಿ ಕೇಳಿಸಲಿಲ್ಲ ಅಂತ ವಿದ್ಯಾರ್ಥಿಗಳು ಗೊಣಗಿದ್ದಕ್ಕೆ, ಮನೆಯ ಮಲಗೋ ಕೋಣೆಯಲ್ಲಿ ಬಟ್ಟೆ ಬೀರುವಿನ ಮುಂದೆ ಕೂತು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಪಾಠಗಳನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಹಲ್ಲಿನ ಡಾಕ್ಟರ್ ಹತ್ತಿರ ರಿಸೆಪ್ಷನ್‌ನಲ್ಲಿ ಕೂರುವ ಅವರ ಹೆಂಡತಿ, ಸಂಜೆ ಬಂದು ಎಡಿಟ್ ಮಾಡೋರು. ಕೆಮ್ಮು, ಕುಕ್ಕರಿನ ಸೀಟಿ, "ಅಯ್ಯೋ ತಪ್ಪಾಯ್ತು" ಎಲ್ಲ ಕತ್ತರಿಸಿ ಹಾಕೋರು. ಮೇಷ್ಟ್ರ ಅಮ್ಮನಿಗೆ ಪೈಥಾನ್ ಅಂದರೆ ಏನು ಅಂತ ಗೊತ್ತಿಲ್ಲದಿದ್ದರೂ ಒಂದು ಪಾಠವನ್ನೂ ಬಿಡದೆ ನೋಡೋರು. ಮಗ ಟೀವಿ ಗಾತ್ರದಲ್ಲಿ ಕಾಣ್ತಾನಲ್ಲ, ಅಷ್ಟು ಸಾಕು.

ಪಾಠ ಚೆನ್ನಾಗೇ ಇತ್ತು. ತಕರಾರಿದ್ದದ್ದು ಹೆಸರಿನಲ್ಲಿ. ಮೇಷ್ಟ್ರಿಗೆ ಹೆಸರಿಡೋದು ಅಂದರೆ ಹಬ್ಬ. ಮೊದಲನೇದಕ್ಕೆ "ಪೈಥಾನ್ ಪಾಠ ೧" ಅಂತ ಸಪ್ಪೆಯಾಗಿ ಇಟ್ಟಿದ್ದರು. ಎರಡನೇದು "ಡಬ್ಬಿಗೊಂದು ಚೀಟಿ – ವೇರಿಯಬಲ್", ಮಾಹಿತಿಗೆ ಹೆಸರು ಕೊಟ್ಟು ಇಡೋದರ ಪಾಠ. ಲೂಪಿನ ಪಾಠ "ಸುತ್ತೋ ಸುತ್ತು! (Python Part 4)". ಆಮೇಲೆ ಉಮೇದು ಬಂದ ದಿನ ನಂಬರೇ ಇಲ್ಲ. ಪ್ಲೇಲಿಸ್ಟ್‌ಗಳೂ ಹಾಗೇ. "ಪೈಥಾನ್" ಅಂತ ಒಂದು, "Python ಸುಲಭವಾಗಿ" ಅಂತ ಒಂದು, "ಪೈಥಾನ್ ಹೊಸದು" ಅಂತ ಇನ್ನೊಂದು. ಯಾವುದರಲ್ಲಿ ಏನಿದೆ ಅನ್ನೋದು ಅವರಿಗೂ ಅಷ್ಟಕ್ಕಷ್ಟೆ.

"ರೀ, ಎಲ್ಲಕ್ಕೂ ಒಂದೇ ಥರ ಹೆಸರಿಡಿ, ಹುಡುಕೋರಿಗೆ ಅನುಕೂಲ" ಅಂತ ಹೆಂಡತಿ ಹೇಳಿದಾಗಲೆಲ್ಲ, "ನಾನೇನು ಗೋದಾಮು ನಡೆಸ್ತಿದೀನಾ? ಹೆಸರಲ್ಲೂ ಒಂಚೂರು ಜೀವ ಬೇಡ್ವಾ?" ಅನ್ನೋರು. ಹೆಂಡತಿ ಮತ್ತೆ ಎಡಿಟಿಂಗಿಗೆ ತಿರುಗೋರು.

ಒಂದು ಮಧ್ಯಾಹ್ನ ಕೇಂದ್ರದ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದರು. ಬೇಕರಿಯ ಬ್ರೆಡ್ ವ್ಯಾನ್ ಓಡಿಸೋರು. ಟೈರ್ ಬದಲಾಯಿಸೋಕೆ ವ್ಯಾನನ್ನು ಕೆಳಗೆ ಬಿಟ್ಟು, ಬೋರ್ಡ್ ನೋಡಿ ಮೇಲೆ ಬಂದಿದ್ದರು. ಮೇಷ್ಟ್ರ ಮುಖ ಕಂಡದ್ದೇ ನಕ್ಕರು.

"ಸಾರ್, ನೀವೇ! ನಿಮ್ಮ ಪಾಠ ನೋಡ್ತಿದ್ದೆ ನಾನು. ಅಂಗಡಿಗಳು ಬಾಗಿಲು ತೆಗೆಯೋ ತನಕ ವ್ಯಾನಲ್ಲೇ ಕೂತು ನೋಡೋದು."

ಮೇಷ್ಟ್ರು ಉಬ್ಬಿಹೋದರು. "ಎಲ್ಲಿ ತನಕ ಬಂದ್ರಿ?"

"ಬಿಟ್ಟೆ ಸಾರ್. ನನ್ನ ತಲೆಗೆ ಅದು ಹತ್ತಲ್ಲ. ನಾಲ್ಕರ ತನಕ ನೀರು ಕುಡಿದ ಹಾಗಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ 'ನಮಗೆ ಗೊತ್ತಿರೋ ಫಂಕ್ಷನ್' ಅಂದ್ರಿ. ನನಗೆ ಯಾವಾಗ ಗೊತ್ತಾಯ್ತು ಅಂತ ನನಗೇ ಗೊತ್ತಿಲ್ಲ. ಹಿಂದಿನದೆಲ್ಲ ಮತ್ತೆ ನೋಡಿದೆ. ಎಲ್ಲೂ ಸಿಗಲಿಲ್ಲ. ನಾನೇ ಎಲ್ಲೋ ತೂಕಡಿಸಿರಬೇಕು."

"ಫಂಕ್ಷನ್ ಐದನೇ ಪಾಠ ಅಲ್ವಾ?" ಅಂದರು ಮೇಷ್ಟ್ರು. "ನೋಡಿಲ್ವಾ?"

"ಐದು ಅಂತ ಯಾವುದೂ ಇಲ್ವಲ್ಲ ಸಾರ್."

ಆಕೆ ಫೋನ್ ತೆಗೆದು ತೋರಿಸಿದರು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ನೋಡಿದರು. ನಾಲ್ಕರ ಕೆಳಗೆ ನೇರವಾಗಿ ಆರು ಕೂತಿತ್ತು.

ಆಗಿದ್ದು ಇಷ್ಟು. ಮೊದಲು ಮಾಡಿದ ಐದನೇ ಪಾಠದಲ್ಲಿ ಮೇಷ್ಟ್ರು ಎಡವಿದ್ದರು. ಫಂಕ್ಷನ್ ಒಳಗಿಂದ ಉತ್ತರವನ್ನು return ಮಾಡೋ, ಅಂದರೆ ಕೇಳಿದವರ ಕೈಗೆ ವಾಪಸ್ ಕೊಡೋ ಬದಲು ಸುಮ್ಮನೆ print ಮಾಡಿ ಪರದೆ ಮೇಲೆ ತೋರಿಸಿಬಿಟ್ಟಿದ್ದರು. ಆ ಉತ್ತರವನ್ನು ಮುಂದಿನ ಲೆಕ್ಕಕ್ಕೆ ಬಳಸೋಣ ಅಂತ ಹೋದವರಿಗೆಲ್ಲ None, ಅಂದರೆ ಏನೂ ಇಲ್ಲ, ಅಂತ ಸಿಕ್ಕಿತ್ತು. ಹಾಕಿದ ವಿಡಿಯೋದ ಜಾಗದಲ್ಲೇ ಇನ್ನೊಂದನ್ನು ಕೂರಿಸೋಕೆ ಬರಲ್ಲ, ಹೊಸದಾಗೇ ಹಾಕಬೇಕು. ಹಾಗಾಗಿ ಹಳೇದನ್ನು ಮುಚ್ಚಿಟ್ಟು, ಪಾಠವನ್ನು ಇನ್ನೊಮ್ಮೆ ಮಾಡಿ ಪ್ಲೇಲಿಸ್ಟ್‌ಗೆ ಸೇರಿಸಿದ್ದರು. ಸೇರಿಸಿದ್ದು ಆಮೇಲಾದ್ದರಿಂದ ಅದು ಎಲ್ಲಕ್ಕಿಂತ ಕೊನೆಗೆ ಹೋಗಿ ಬಿದ್ದಿತ್ತು. ಮೇಲಕ್ಕೆ ಎಳೆದು ಐದರ ಜಾಗಕ್ಕೆ ತರಬೇಕಿತ್ತು, ಮರೆತಿದ್ದರು. ಹೆಸರು ನೋಡಿದರಾದರೂ ಗೊತ್ತಾಗ್ತಿತ್ತೇ ಅಂದರೆ, ಆ ಹೆಸರು "ಕೆಲಸದವರನ್ನ ಕರೆಯೋಣ ಬನ್ನಿ!" ಫಂಕ್ಷನ್ ಅಂದರೆ ಕರೆದಾಗ ಬಂದು ಕೆಲಸ ಮಾಡಿಕೊಡೋ ಆಳು ಅನ್ನೋದು ಮೇಷ್ಟ್ರ ಚಮತ್ಕಾರ. ಪೈಥಾನ್ ಅನ್ನೋ ಪದ ಇಲ್ಲ, ಫಂಕ್ಷನ್ ಅನ್ನೋ ಪದ ಇಲ್ಲ, ನಂಬರ್ ಅಂತೂ ಮೊದಲೇ ಇಲ್ಲ.

"ಇದು ಕಣ್ಣಿಗೆ ಬೀಳಲಿಲ್ವಾ?" ಮೇಷ್ಟ್ರು ಪಟ್ಟಿಯ ಕೊನೇ ವಿಡಿಯೋ ಮೇಲೆ ಬೆರಳಿಟ್ಟು ಕೇಳಿದರು.

"ಬಿತ್ತು ಸಾರ್. ನಲ್ಲಿ ರಿಪೇರಿಯವರ ಜಾಹೀರಾತು ಅಂದ್ಕೊಂಡೆ."

ಮೇಷ್ಟ್ರು ಜೋರಾಗಿ ನಕ್ಕರು. ಆಕೆಯೂ ನಕ್ಕರು. ನಗು ನಿಂತ ಮೇಲೆ ಆಕೆ, ಚುಚ್ಚೋ ಉದ್ದೇಶವೇನೂ ಇಲ್ಲದೆ, "ಎರಡನೇ ಪಾಠದಲ್ಲಿ ನೀವೇ ಹೇಳ್ತೀರಲ್ಲ ಸಾರ್, ಒಂದು ವಸ್ತುವಿಗೆ ಎಲ್ಲಾ ಕಡೆ ಒಂದೇ ಹೆಸರು, ಹೆಸರು ನೋಡಿದ ಕೂಡಲೇ ಒಳಗೇನಿದೆ ಅಂತ ಗೊತ್ತಾಗಬೇಕು ಅಂತ. ಅದು ನನಗೆ ತುಂಬಾ ಹಿಡಿಸಿತ್ತು" ಅಂದರು. ಅಷ್ಟರಲ್ಲಿ ಕೆಳಗಿಂದ ಟೈರ್ ಅಂಗಡಿಯವನು ಕೂಗಿದ. ಆಕೆ ಇಳಿದು ಹೋದರು.

ಮೇಷ್ಟ್ರಿಗೆ ಆ ಮಧ್ಯಾಹ್ನದ ಕ್ಲಾಸಿನಲ್ಲಿ ಮನಸ್ಸೇ ನಿಲ್ಲಲಿಲ್ಲ. ಏನನ್ನೂ ಎರಡನೇ ಸಲ ಹೇಳಲಿಲ್ಲ ಅಂದರೆ ಲೆಕ್ಕ ಹಾಕಿ. ತನ್ನದೇನೂ ತಪ್ಪಿಲ್ಲದ ಒಬ್ಬಳು, ತನ್ನ ತಲೆಯೇ ಸರಿಯಿಲ್ಲ ಅಂತ ತೀರ್ಮಾನಿಸಿ ಪಾಠ ಬಿಟ್ಟಿದ್ದಳು. ಹೀಗೆ ಬಾಯಿಬಿಟ್ಟು ಹೇಳದೆ ಬಿಟ್ಟುಹೋದವರು ಇನ್ನೆಷ್ಟು ಜನವೋ ಅನ್ನೋ ಯೋಚನೆ ಅವರನ್ನು ಕೊರೆಯಿತು.

ಮನೆಗೆ ಹೋದವರೇ ಹೆಂಡತಿಯ ಮುಂದೆ ಕೂತು, "ನೀನು ಹೇಳಿದ ಗೋದಾಮೇ ಸರಿ ಕಣೇ" ಅಂದರು.

"ನಾನು ಗೋದಾಮು ಅಂದಿರಲಿಲ್ಲ, ನೀವಂದಿದ್ದು" ಅಂದರು ಹೆಂಡತಿ, ಲ್ಯಾಪ್‌ಟಾಪ್ ತೆಗೀತಾ.

ಇಬ್ಬರೂ ಒಂದು ಅಚ್ಚು ಗೊತ್ತುಮಾಡಿಕೊಂಡರು. ಮೊದಲು ಸರಣಿಯ ಹೆಸರು, ಆಮೇಲೆ ನಂಬರು, ಆಮೇಲೆ ವಿಷಯ: "ಪೈಥಾನ್ ಮೊದಲಿಂದ 05: ಫಂಕ್ಷನ್". ಅಂಕಿ ಇಂಗ್ಲಿಷಿನದೇ, ಎಲ್ಲಕ್ಕೂ. ಒಂಟಿ ಅಂಕಿಗೆ ಮೊದಲು ಸೊನ್ನೆ ಯಾಕೆ ಅಂತ ಮೇಷ್ಟ್ರು ಕೇಳಲಿಲ್ಲ. ಫೈಲುಗಳನ್ನು ಹೆಸರಿನ ಪ್ರಕಾರ ಜೋಡಿಸಿದಾಗ ಒಂದರ ಪಕ್ಕ ಹತ್ತು ಬಂದು ಕೂತು, ಎರಡು ಎಲ್ಲೋ ಕೆಳಗೆ ಹೋಗೋದನ್ನು ಮನೆ ಕಂಪ್ಯೂಟರಿನಲ್ಲೇ ಅನುಭವಿಸಿದ್ದರು. ಮೂರು ಪ್ಲೇಲಿಸ್ಟ್ ತೆಗೆದು ಒಂದೇ ಮಾಡಿ, ಅದಕ್ಕೂ "ಪೈಥಾನ್ ಮೊದಲಿಂದ" ಅಂತಲೇ ಹೆಸರಿಟ್ಟರು.

"ನನ್ನ ತಮಾಷೆ ಹೆಸರುಗಳು?" ಮೇಷ್ಟ್ರು ಕಡೇ ಆಸೆಯಿಂದ ಕೇಳಿದರು.

"ಕೊನೆಗೆ ಹಾಕ್ಕೊಳ್ಳಿ. ಫೋನಿನಲ್ಲಿ ಉದ್ದದ ಹೆಸರಿನ ಬಾಲ ಕಾಣಲ್ಲ. ಯಾರಿಗೂ ತೊಂದರೆಯಿಲ್ಲ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರಿಗೆ ಒಂದು ಹುಚ್ಚು ಹತ್ತಿದರೆ ಅದು ನೆತ್ತಿಗೇರೋದೇ. ಎರರ್ ಬಂದಾಗ ಅದನ್ನು ಓದೋದು ಹೇಗೆ ಅಂತ ಒಂದು ಹೊಸ ಪಾಠ ಮಾಡಿದ್ದರು. ಅದು ಫಂಕ್ಷನ್ ಆದ ಮೇಲೆ ಬಂದರೆ ಚೆನ್ನ ಅನ್ನಿಸಿ, ಹೆಂಡತಿ ಕ್ಲಿನಿಕ್ಕಿಗೆ ಹೋದ ಹೊತ್ತಲ್ಲಿ, ಅದಕ್ಕೆ 06 ಅಂತ ಕೊಟ್ಟು, ಹಳೇ ಆರನ್ನು ಏಳು ಮಾಡಿ, ಏಳನ್ನು ಎಂಟು ಮಾಡಿ, ಕೊನೇ ತನಕ ಒಂದೊಂದೇ ಹೆಜ್ಜೆ ಮುಂದೆ ತಳ್ಳಿದರು. ಕೆಲಸ ಮುಗಿಸಿ ಕೈ ಒರೆಸಿಕೊಂಡರು.

ಮೊದಲು ಬಡ್ಕೊಂಡದ್ದು ಅಮ್ಮ. "ಏನೋ ಇದು? ಮೇಲೆ ಎಂಟು ಅಂತ ಬರೆದಿದೆ, ನೀನು ಬಾಯಲ್ಲಿ ಏಳನೇ ಪಾಠಕ್ಕೆ ಸ್ವಾಗತ ಅಂತೀಯ. ನಿನಗೆ ಎಣಿಸೋಕೆ ಬರಲ್ವಾ?"

ಮೇಷ್ಟ್ರು ವಿಡಿಯೋವನ್ನು ಮೊದಲಿಂದ ಹಾಕಿ ಕೇಳಿದರು. ಹೆಸರನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು; ವಿಡಿಯೋದ ಒಳಗೆ ಆಡಿದ ಮಾತನ್ನು ತಿದ್ದೋದು ಹೇಗೆ? ಪ್ರತಿ ಪಾಠದ ಶುರುವಿನಲ್ಲೂ ನಂಬರ್ ಹೇಳಿದ್ದರು, ನಡುನಡುವೆ "ಒಂಬತ್ತರಲ್ಲಿ ನೋಡಿದ ಹಾಗೆ" ಅಂತಲೂ ಹೇಳಿದ್ದರು. ಸಂಜೆಯ ಹೊತ್ತಿಗೆ ಕಾಮೆಂಟುಗಳು ಬಂದವು. ಒಬ್ಬ, "ನಿನ್ನೆ ಹನ್ನೊಂದಕ್ಕೆ ನಿಲ್ಲಿಸಿದ್ದೆ, ಇವತ್ತು ಹನ್ನೊಂದು ತೆಗೆದರೆ ಅಲ್ಲಿ ಹಳೇ ಹತ್ತು ಇದೆ." ಇನ್ನೊಬ್ಬ, "ಸಾರ್, ಬಗ್ ಹೆಸರಲ್ಲೋ ಬಾಯಲ್ಲೋ?"

ಹೆಂಡತಿ ಬಂದು, ಬ್ಯಾಗನ್ನೂ ಕೆಳಗಿಡದೆ ಎಲ್ಲ ಓದಿದರು. ರೇಗಲಿಲ್ಲ. "ರೀ, ಒಂದು ಸಲ ಜನರ ಬಾಯಿಗೆ ಹೋದ ನಂಬರು ನಮ್ಮದಲ್ಲ, ಅವರದು. ಎಲ್ಲ ವಾಪಸ್ ಹಾಕಿ. ಹೊಸ ಪಾಠಕ್ಕೆ 05ಬಿ ಅನ್ನಿ. ಐದರ ಕೆಳಗೆ ಕೂರಿಸಿ."

"ಬಿ ಅಂತ ಇದ್ದರೆ ಚೆನ್ನಾಗಿ ಕಾಣಲ್ಲ ಕಣೇ."

"ಚೆನ್ನಾಗಿ ಕಾಣಿಸೋಕೆ ನೀವಿದೀರಲ್ಲ, ವಿಡಿಯೋ ಒಳಗೆ."

ಮೇಷ್ಟ್ರು ಒಂದೊಂದನ್ನೇ ಹಿಂದಕ್ಕೆ ತಂದರು. ಹೆಸರು ಬದಲಾದರೂ ಕೊಂಡಿ ಬದಲಾಗಲ್ಲ ಅನ್ನೋದೊಂದೇ ಸಮಾಧಾನ. ಹಿಂದೆ ಯಾರೋ ಯಾರಿಗೋ ಕಳಿಸಿದ್ದ ಲಿಂಕುಗಳು ಸರಿಯಾಗೇ ತೆರೆದುಕೊಂಡವು. ಮುಚ್ಚಿಟ್ಟಿದ್ದ ಹಳೇ ಐದನೇ ಪಾಠದ ವಿಷಯದಲ್ಲಿ ಮಾತ್ರ ಆ ಸಮಾಧಾನ ಇರಲಿಲ್ಲ. ಅದರ ಲಿಂಕ್ ಇಟ್ಟುಕೊಂಡವರಿಗೆ ಬರೀ ಕಪ್ಪು ಪರದೆ ಕಾಣ್ತಿತ್ತು. ಅದನ್ನು ಪ್ಲೇಲಿಸ್ಟಿನಿಂದ ತೆಗೆದು, ಲಿಂಕ್ ಇದ್ದವರಿಗಷ್ಟೇ ಕಾಣುವ ಹಾಗೆ ಮಾಡಿ, "ಹಳೆಯದು, ತಪ್ಪಿದೆ" ಅಂತ ಹೆಸರಿಟ್ಟು, ಮೊದಲ ಕಾಮೆಂಟಿನಲ್ಲೇ ಹೊಸ ಪಾಠದ ದಾರಿ ತೋರಿಸಿದರು. ಅಷ್ಟು ಜನರ ಮುಂದೆ ತಪ್ಪು ಅಂತ ಬರೆಯುವಾಗ ಸ್ವಲ್ಪ ಚುರುಕ್ ಅಂತು. ಬರೆದ ಮೇಲೆ ಹಗುರಾಯಿತು.

ಮಾರನೇ ದಿನ ಟೈರ್ ಅಂಗಡಿಯವನ ಹತ್ತಿರ ಬೇಕರಿಯ ಫೋನ್ ನಂಬರ್ ಇಸ್ಕೊಂಡು, ವ್ಯಾನ್ ಓಡಿಸೋ ಆಕೆಗೆ ತಾವೇ ಫೋನ್ ಮಾಡಿದರು. "ನಿಮ್ಮ ತಲೆ ಗಟ್ಟಿ ಇದೆ. ಕೆಟ್ಟಿದ್ದು ನನ್ನ ಪಟ್ಟಿ. ಈಗ ಐದು ಐದರಲ್ಲೇ ಇದೆ, ನೋಡಿ" ಅಂದರು. ಲೂಪ್ ಮೇಷ್ಟ್ರಲ್ವೇ, ಅದನ್ನೇ ಇನ್ನೊಂದು ಸಲವೂ ಹೇಳಿದರು.

ಆಕೆ ನೋಡಿದರು. ಐದು, ಐದು ಬಿ, ಆರು, ಹೀಗೆ ನಿಧಾನಕ್ಕೆ ಕೊನೇ ತನಕ. ಯಾವ ಅಂಗಡಿಗೆ ಎಷ್ಟು ಬ್ರೆಡ್ ಇಳಿಸಬೇಕು, ನಿನ್ನೆಯದು ಎಷ್ಟು ವಾಪಸ್ ಬಂತು ಅಂತ ಹೇಳೋ ಪುಟ್ಟ ಪ್ರೋಗ್ರಾಮ್ ಒಂದನ್ನು ಬರೆದು ತಂದು ತೋರಿಸಿದರು. ಅದರಲ್ಲಿ ಒಂದೊಂದು ವೇರಿಯಬಲ್ಲಿನ ಹೆಸರೂ ಓದಿದರೆ ಅರ್ಥವಾಗ್ತಿತ್ತು. ಮೇಷ್ಟ್ರು ಅದನ್ನೇ ಎರಡು ಸಲ ಸ್ಕ್ರಾಲ್ ಮಾಡಿ ನೋಡಿ, "ನನ್ನ ಕ್ಲಾಸಿನವರಿಗೆ ತೋರಿಸಬಹುದಾ?" ಅಂತ ಕೇಳಿದರು. ಆಕೆ ಈಗಲೂ ವ್ಯಾನ್ ಓಡಿಸ್ತಾರೆ, ಅದು ಅವರಿಗಿಷ್ಟ. ವಾರಕ್ಕೊಂದು ಸಂಜೆ ಮಾತ್ರ ಮೆಟ್ಟಿಲು ಹತ್ತಿ ಬಂದು, ಹೊಸದಾಗಿ ಸೇರಿದವರ ಪಕ್ಕ ಕೂತು, ಸಿಕ್ಕಿಹಾಕಿಕೊಂಡ ಕಡೆ ಬಿಡಿಸಿಕೊಡ್ತಾರೆ. ಬರುವಾಗ ಬೇಕರಿಯ ಬನ್ನು ತರೋದರಿಂದ ಆ ಸಂಜೆ ಹಾಜರಿ ಭರ್ತಿ.

ಮೇಷ್ಟ್ರು ಈಗ ಡೇಟಾಬೇಸ್ ಬಗ್ಗೆ ಇನ್ನೊಂದು ಸರಣಿ ಮಾಡೋ ತಯಾರಿಯಲ್ಲಿದ್ದಾರೆ. ಕ್ಯಾಮೆರಾ ಇನ್ನೂ ಹೊರಗೆ ಬಂದಿಲ್ಲ. ಊಟದ ಮೇಜಿನ ಮುಂದೆ ಕೂತು ಗಂಡ ಹೆಂಡತಿ ಹೆಸರಿಗಾಗಿ ಜಗ್ಗಾಡ್ತಿದ್ದಾರೆ. ಅಮ್ಮ ನಡುವೆ ಬಾಯಿ ಹಾಕಿ, ಹೆಸರು ಏನಾದರೂ ಇಟ್ಟುಕೊಳ್ಳಿ, ಈ ಸಲ ನೀಲಿ ಶರ್ಟು ಹಾಕ್ಕೋ, ಅದು ನಿನಗೊಪ್ಪುತ್ತೆ ಅಂತಿದ್ದಾರೆ.