ಕೋಟಿನ ಎರಡಿಂಚು

ಮದುವೆಯ ಕೋಟಿಗೆ ಎದೆಯಳತೆ ಮೂವತ್ತೆಂಟು ಎಂದು ಊರಿನ ದರ್ಜಿಗೆ ಹೇಳಿಸಿದವನು ನಾನೇ. ನಿಜವಾದ ಅಳತೆ ಮೂವತ್ತಾರು. ಇನ್ನೂ ನಾಲ್ಕು ತಿಂಗಳಿದೆ, ಅಷ್ಟರಲ್ಲಿ ಎರಡಿಂಚು ತುಂಬಿಸಿಕೊಂಡರಾಯಿತು ಎಂಬ ಧೈರ್ಯ. ಅರವತ್ತು ಕಿಲೋ ತೂಗುವವನಿಗೆ ಅಂಥ ಧೈರ್ಯ ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.

ಆಗ ನಾನು ಸೌದಿಯ ಖತೀಫಿನಲ್ಲಿ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಕರಾವಳಿಯ ನಾಲ್ವರು ಒಂದೇ ಮನೆಯಲ್ಲಿ ಮೆಸ್ ಮಾಡಿಕೊಂಡಿದ್ದೆವು. ಅಡುಗೆಗೆ ನಮ್ಮಲ್ಲೇ ಐವತ್ತು ದಾಟಿದ ಉಡುಪಿಯವರೊಬ್ಬರು. ವೆಲ್ಡಿಂಗ್ ಫೋರ್‌ಮನ್. ನಮಗೆಲ್ಲ ಅವರು ಅಣ್ಣ. ಅವರು ಬಡಿಸುತ್ತಿದ್ದರು, ನಾವು ತಿನ್ನುತ್ತಿದ್ದೆವು. ತಟ್ಟೆಯಲ್ಲಿ ಬಿದ್ದದ್ದನ್ನು ಪ್ರಶ್ನಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

ಎದೆ ತುಂಬಿಸಲು ಸೇರಿದ ಜಿಮ್ಮಿನ ಕೋಚ್ ಈಜಿಪ್ಟಿನವನು. ದಿನಕ್ಕೆ ನೂರು ಗ್ರಾಂ ಪ್ರೋಟೀನ್ ಬೇಕು ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಬೇಯಿಸಿದ ನೂರು ಗ್ರಾಂ ಕೋಳಿಯ ಎದೆಮಾಂಸದಲ್ಲಿ ಮೂವತ್ತು, ಮಟನ್ನಿನಲ್ಲಿ ಇಪ್ಪತ್ತೈದು, ಮೀನಿನಲ್ಲಿ ಇಪ್ಪತ್ತನಾಲ್ಕು. ಮಟನ್ನಿನಲ್ಲಿ ಕೊಬ್ಬು ಜಾಸ್ತಿ ಎಂದು ಬರೆದು ಕೆಳಗೆ ಗೀಟು ಹಾಕಿದ್ದ. ಆ ಗೀಟು ನನ್ನ ಕಣ್ಣಿಗೆ ಬೀಳಲಿಲ್ಲ. ಮಟನ್ ತಿಂದರೆ ಮೈ ಬರುತ್ತದೆ ಎಂದು ಬಾಲ್ಯದಿಂದ ಕೇಳಿದವನಿಗೆ ಬೇರೇನು ಬೀಳಬೇಕು? ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದೆ.

ಶುಕ್ರವಾರದ ಮಟನ್ ಸಾರನ್ನು ಬಟ್ಟಲ ಸಮೇತ ತೂಗಿ, ಬಟ್ಟಲಿನ ತೂಕ ಕಳೆದೆ. ಇನ್ನೂರೈವತ್ತು ಗ್ರಾಂ! ಅರವತ್ತಕ್ಕಿಂತ ಹೆಚ್ಚು ಪ್ರೋಟೀನ್! ಅವತ್ತು ಮೊಟ್ಟೆಗೂ ಕೋಳಿಗೂ ರಜೆ ಕೊಟ್ಟೆ. ಉಳಿದ ದಿನಗಳಲ್ಲೂ ಕೋಳಿ, ಮೀನು ಎಲ್ಲವನ್ನೂ ಹೀಗೇ ಸಾರಿನ ಸಮೇತ ತೂಗಿದೆ. ತಿಂಗಳು ಕಳೆದರೂ ಎದೆ ಮೂವತ್ತಾರರಲ್ಲೇ ಕೂತಿತ್ತು.

ನನ್ನ ತೂಕದ ಲೆಕ್ಕ ಒಪ್ಪಿಸಿದಾಗ ಕೋಚ್ ಕೇಳಿದ್ದು ಒಂದೇ ಪ್ರಶ್ನೆ. ಎಲುಬು, ಸಾರು ಎಲ್ಲ ಸೇರಿಸಿಯೋ? ಹೌದೆಂದಾಗ ಅವನು ನಕ್ಕ ನಗು ಪಕ್ಕದವನು ಎತ್ತುತ್ತಿದ್ದ ಭಾರವನ್ನೂ ಕೆಳಗಿಳಿಸಿತು. ಚೀಟಿಯ ಲೆಕ್ಕ ಬರೀ ಮಾಂಸಕ್ಕಂತೆ.

ಸಿಟ್ಟು ಬಂದದ್ದು ನನ್ನ ದಡ್ಡತನದ ಮೇಲಲ್ಲ, ಅಣ್ಣನ ಮೇಲೆ. ನನಗೆ ಎಲುಬು ಬಡಿಸಿ ಮಾಂಸವೆಲ್ಲ ತಾವೇ ಹೊಡೆಯುತ್ತಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ. ಮುಂದಿನ ಶುಕ್ರವಾರ ತಕ್ಕಡಿಯನ್ನು ಊಟದ ಚಾಪೆಯ ಮೇಲೆಯೇ ಇಟ್ಟೆ.

"ಅಣ್ಣ, ಇವತ್ತು ನಿಮ್ಮ ತುಂಡೂ ತೂಗುವ."

ಅವರ ಸೌಟು ಗಾಳಿಯಲ್ಲೇ ನಿಂತಿತು. "ಎಂತ ಮಾರಾಯ, ನನ್ನ ಕೈಯ ಮೇಲೆ ಅನುಮಾನವಾ?"

"ಅನುಮಾನ ಅಲ್ಲ ಅಣ್ಣ, ಸೈನ್ಸ್."

"ಯಲ್ಲಾ, ಆಯ್ತು, ತೂಗು. ಆಮೇಲೆ ನೀನೇ ಅಡುಗೆ ಮಾಡು," ಎಂದು ತಮ್ಮ ತಟ್ಟೆಯನ್ನು ನನ್ನತ್ತ ತಳ್ಳಿದರು.

ಸಾರು ಬಸಿದು ತೂಗಿದೆ. ನನ್ನ ತುಂಡುಗಳು ನೂರ ಎಪ್ಪತ್ತೈದು ಗ್ರಾಂ, ಅವರದು ನೂರ ಅರವತ್ತು. ಉಳಿದಿಬ್ಬರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಊಟ ಮುಗಿಸಿ ಎಲುಬು ತೂಗಿದೆ. ನನ್ನದು ಐವತ್ತೈದು. ಅವರದು ನೂರ ಹತ್ತು.

ಕಳೆದು ನೋಡಿದೆ. ನಾನು ತಿಂದ ಮಾಂಸ ನೂರ ಇಪ್ಪತ್ತು ಗ್ರಾಂ, ಅಂದರೆ ಮೂವತ್ತು ಗ್ರಾಂ ಪ್ರೋಟೀನ್. ಅವರು ತಿಂದದ್ದು ಬರೀ ಐವತ್ತು. ಅದರಲ್ಲಿ ಸಿಗುವುದು ಹನ್ನೆರಡೂವರೆ, ಎರಡು ಮೊಟ್ಟೆಯ ಪ್ರೋಟೀನ್. ಇಡೀ ದಿನ ಬಿಸಿಲಲ್ಲಿ ಕಬ್ಬಿಣ ಬೆಸೆಯುವ ಮನುಷ್ಯ. ಮೂರು ವರ್ಷದಿಂದ ಅವರು ಕೊನೆಗೆ ಬಡಿಸಿಕೊಳ್ಳುವುದನ್ನು ನೋಡಿದ್ದೆ. ಕೊನೆಗೆ ಪಾತ್ರೆಯಲ್ಲಿ ಏನು ಉಳಿಯುತ್ತದೆ ಎಂದು ಒಮ್ಮೆಯೂ ಇಣುಕಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

"ಅಣ್ಣ, ತಪ್ಪಾಯ್ತು."

"ತಪ್ಪೆಂತ? ನನಗೆ ಎಲುಬು ಚೀಪುವುದೇ ಇಷ್ಟ," ಎಂದರು. ಸುಳ್ಳು ಹೇಳುವಾಗ ಅವರು ಮೀಸೆ ಸವರಿಕೊಳ್ಳುತ್ತಾರೆ. ಆಗಲೂ ಸವರಿಕೊಂಡರು.

ಮರುದಿನದಿಂದ ಲೆಕ್ಕ ಸರಿಯಾಯಿತು. ದಿನಕ್ಕೆ ನಾಲ್ಕು ಮೊಟ್ಟೆ, ಮಧ್ಯಾಹ್ನ ನೂರೈವತ್ತು ಗ್ರಾಂ ಕೋಳಿಯ ಎದೆಮಾಂಸ, ಸಂಜೆ ನೂರು ಗ್ರಾಂ ಅಂಜಲ್ ಮೀನು. ಮೂರೂ ಸೇರಿ ತೊಂಬತ್ತಮೂರು, ಬಾಕಿಯನ್ನು ಬೇಳೆ, ಮೊಸರು ತುಂಬಿಸುತ್ತಿದ್ದವು. ಕೋಳಿಯ ಎದೆಮಾಂಸ ಅಣ್ಣನಿಗೂ ಬೇಯಿಸಿ ಕೊಟ್ಟೆ. "ಇದು ವೆಲ್ಡಿಂಗ್ ಕೈಗವಸಿನ ಹಾಗೆ ಉಂಟು," ಎಂದು ಬೈಯುತ್ತಲೇ ಮುಗಿಸಿದರು.

ಮದುವೆಯ ಹೊತ್ತಿಗೆ ಎದೆ ಒಂದಿಂಚು ಬಂತು. ಇನ್ನೊಂದಿಂಚಿನ ಜಾಗದಲ್ಲಿ ಕೋಟಿನೊಳಗೆ ದಪ್ಪ ಬನಿಯನ್ ಹಾಕಿಕೊಂಡೆ. ಮೇ ತಿಂಗಳ ಸೆಕೆಯಲ್ಲಿ ಮಂಟಪದಲ್ಲಿ ಬೆಂದೆ.

ರಜೆ ಮುಗಿಸಿ ಬಂದ ಮೊದಲ ಶುಕ್ರವಾರ ಸೌಟು ಕಿತ್ತುಕೊಂಡು ನಾನೇ ಬಡಿಸಿದೆ, ಅಣ್ಣನಿಗೆ ಮೊದಲು. ಕೊನೆಗೆ ನನ್ನ ತಟ್ಟೆಗೆ ಬಂದ ಕತ್ತಿನ ಎಲುಬುಗಳನ್ನು ಅವರು ನೋಡಿದರು.

"ಎಂತದು ಇದು? ಕೋಟು ತುಂಬುವುದು ಬೇಡವಾ ನಿನಗೆ?"

"ತುಂಬಿತಲ್ಲ ಅಣ್ಣ," ಎಂದೆ. ನನಗೆ ಸವರಿಕೊಳ್ಳಲು ಮೀಸೆ ಇರಲಿಲ್ಲ.