ಕೊನೆಯ ಸಾಲನ್ನು ನಾನು ಓದಿ ಹೇಳಲಿಲ್ಲ

ಜಹೀರಾಬಾದಿನ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಾರ್ಡು ಅಂಗಡಿ. ಹದಿನಾಲ್ಕು ವರ್ಷದಿಂದ ಅಲ್ಲಿ ಕನ್ನಡ, ತೆಲುಗು ಎರಡರಲ್ಲೂ ಅಕ್ಷರ ಜೋಡಿಸುವವಳು ನಾನು. ಮದುವೆಗೊಂದು, ಗೃಹಪ್ರವೇಶಕ್ಕೊಂದು, ಸಾವಿಗೊಂದು ಫೈಲು ಕಂಪ್ಯೂಟರಿನಲ್ಲಿ ಸದಾ ತಯಾರಿರುತ್ತದೆ. ಹೆಸರು, ತಾರೀಖು, ಊರು ಬದಲಿಸಿದರೆ ಆಯಿತು, ಕೊನೆಯ ಸಾಲನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ‘ತಮ್ಮ ಸುಖಾಗಮನ ಬಯಸುವ’ ಎಂಬುದು ಸಾವಿನ ಕಾರ್ಡಿಗೆ ಅಂಟಿಕೊಂಡಿತ್ತು. ಪ್ರೂಫಿನಲ್ಲೇ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಝರಾಸಂಗದ ಕಡೆಯ ಒಬ್ಬ ರೈತ ತೀರಿಕೊಂಡ ಮಗಳ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಬಂದ. ಬೀದರ, ಕಲಬುರಗಿ ಕಡೆಯ ನೆಂಟರಿಗಾಗಿ ಕಾರ್ಡು ಕನ್ನಡದಲ್ಲೇ ಬೇಕು. ಅವನಿಗೆ ಓದಲು ಬರುವುದು ತೆಲುಗು ಮಾತ್ರ. ಮಗಳಿಗೆ ಮದುವೆಯಾಗಿತ್ತೇ ಎಂದು ಕೇಳಿದೆ. ಹೌದು, ತಾಂಡೂರಿಗೆ ಕೊಟ್ಟಿದ್ದೆವು, ನಾಲ್ಕು ವರ್ಷದ ಹೆಣ್ಣುಮಗು ಅದ ಎಂದ. ಮದುವೆಯಾದ ಹೆಂಗಸಿನ ಫೈಲು ತೆರೆದೆ. ಅದರ ಮುಕ್ತಾಯ ಹೀಗಿತ್ತು: ‘ದುಃಖತಪ್ತ ಪತಿ ಹಾಗೂ ಕುಟುಂಬ ವರ್ಗ.’

ತಾರೀಖು, ಊರು, ಪ್ರಸಾದದ ಹೊತ್ತು ಎಲ್ಲ ಓದಿ ಹೇಳಿದೆ. ಕೊನೆಗೆ ಬಂದಾಗ ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು.

“ಆಖ್ರಿಗಿ ಯಾವಾಗ್ಲೂ ಬರಿಯೋದೇ ಅದರಿ,” ಎಂದೆ.

“ಹೆಂಗ ಬರೀತಾರ ಹಂಗ ಬರಿ ತಂಗಿ, ನೀ ತಿಳದಾಕಿ ಇದ್ದಿ,” ಎಂದು ಅವನು ಮುಖ ಒರೆಸಿಕೊಂಡ.

ಗಂಡ ಹೊಡೆದು ಹೊರಗೆ ಹಾಕಿದ್ದನೆಂದೂ ಅವಳು ಮೂರು ವರ್ಷದಿಂದ ಮಗುವಿನ ಜೊತೆ ತವರಿನಲ್ಲೇ ಇದ್ದಳೆಂದೂ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಎರಡು ನಿಮಿಷ ಹೋಗುತ್ತಿತ್ತು, ಅಷ್ಟೇ.

ನಮ್ಮ ಕಡೆ ಕಾರ್ಡಿನ ಕೊನೆಯಲ್ಲಿ ಯಾರಿದ್ದಾರೋ ಅವರೇ ಆ ಸಾವಿನ ಮನೆಯವರು. ಬಂದವರು ಅವರ ಮುಂದೆ ನಿಂತೇ ಕೈ ಮುಗಿಯುತ್ತಾರೆ. ಕಾರ್ಡಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ತಾಂಡೂರಿಗೂ ಮುಟ್ಟಿತು. ಆರಾಧನೆಯ ದಿನ ಗಂಡ ತನ್ನವರನ್ನು ಕಟ್ಟಿಕೊಂಡು ಬಂದು, ಅವಳ ಫೋಟೋದ ಪಕ್ಕದಲ್ಲೇ ಕುಳಿತು, ಬಂದವರ ಕೈ ಹಿಡಿದು ಅತ್ತನಂತೆ. ಊಟವಾದ ಮೇಲೆ ಮಗುವನ್ನು ಕೇಳಿದ. ಸತ್ತವಳ ತಾಯಿ ತಡೆದಳು. ಆಗ ಹಿರಿಯರು ಕಾರ್ಡು ತೆಗೆದು, “ನೀವೇ ಬರೆಸೀರಿ, ಗಂಡ ಅಂತ ಮೊದಲ ಅವನನ್ನೇ ಇಟ್ಟೀರಿ. ಈಗ ಅಂವ ಯಾರೂ ಅಲ್ಲ ಅಂದ್ರ ಹೆಂಗ?” ಎಂದರು. ಆ ಸಾಲು ಅಲ್ಲಿರುವುದೇ ಅವಳ ತಂದೆಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಮಗು ತಾಂಡೂರಿಗೆ ಹೋಯಿತು.

ಇದೆಲ್ಲ ನನಗೆ ತಿಳಿದದ್ದು ವಾರದ ನಂತರ. ಆ ತಾಯಿ ಅಂಗಡಿಗೆ ಬಂದು ಕಾರ್ಡನ್ನು ಕೀಬೋರ್ಡಿನ ಮೇಲಿಟ್ಟಳು.

“ಓದವ್ವ. ಆಖ್ರಿದು ಅಷ್ಟೇ ಓದು.”

ಓದಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನದು ಆಡಿದ ಮಾತೂ ಅಲ್ಲ, ಯಾರೋ ಎಂದೋ ಟೈಪು ಮಾಡಿಟ್ಟ ಹಳಸಲು. ಅದನ್ನೇ ಬಿಸಿ ಮಾಡದೆ ಬಡಿಸಿದ್ದೆ. ಆ ದಿನವೇ ಎಲ್ಲ ಫೈಲುಗಳ ಕೊನೆಯ ಸಾಲು ಅಳಿಸಿದೆ. ಈಗ ಪ್ರತಿಯೊಬ್ಬರನ್ನೂ ಕೇಳುತ್ತೇನೆ: ಕಡೆಗೆ ಯಾರು ಇರಬೇಕು, ಏನಂತ ಹೇಳಬೇಕು? ಕೆಲವರು ಸಿಡುಕುತ್ತಾರೆ. ಸಿಡುಕಲಿ. ಆದರೆ ಇದರಿಂದ ಆ ಮಗು ಹೊಳ್ಳಿ ಬರಲಿಲ್ಲ.

ಹೋದ ತಿಂಗಳು ಆ ರೈತ, ಅವನ ಹೆಂಡತಿ ಇಬ್ಬರೂ ಬಂದರು, ಎರಡನೇ ವರ್ಷದ ಸ್ಮರಣೆಗೆ. ಎರಡು ವರ್ಷದಲ್ಲಿ ತಾಂಡೂರಿನವರು ಮೊಮ್ಮಗಳನ್ನು ಒಮ್ಮೆಯೂ ತೋರಿಸಿಲ್ಲವಂತೆ. ಮೇಲಿನದೆಲ್ಲ ಕನ್ನಡದಲ್ಲಿ ಜೋಡಿಸಿ, “ಆಖ್ರಿಗಿ ಏನು ಬರೀಲಿ ಅವ್ವಾ?” ಎಂದೆ.

ಅವಳು ಪರದೆಯ ಕೆಳಗಿನ ಖಾಲಿ ಜಾಗಕ್ಕೆ ಬೆರಳು ತೋರಿಸಿ, “ಅದೊಂದು ತೆಲುಗಿನ್ಯಾಗ ಬರಿ. ಕೂಸು ಸಾಲಿಗಿ ಹೋಗ್ತದಂತ, ಅಲ್ಲಿ ತೆಲುಗು ಕಲಿಸ್ತಾರಂತ,” ಎಂದಳು. “ನಿನ್ನ ದಾರಿ ನೋಡೋ ಅಜ್ಜ, ಅಜ್ಜಿ ಅಂತ ಬರಿ.”

ದೊಡ್ಡ ಅಕ್ಷರದಲ್ಲಿ ಬರೆದೆ. ರೈತನಿಗೆ ಓದಿ ಹೇಳುವ ಮೊದಲೇ ಅವನು ಪರದೆಗೆ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ, ತಾನೇ ಓದಿದ.

ಒಂದು ಕಾರ್ಡು ಮಗುವಿನ ಹೆಸರಿಗೆ ನಮ್ಮ ಅಂಗಡಿಯಿಂದಲೇ ತಾಂಡೂರಿಗೆ ಅಂಚೆಯಲ್ಲಿ ಹೋಯಿತು. ಮೊನ್ನೆ ಲಕೋಟೆ ಒಡೆಯದೆಯೇ ವಾಪಸು ಬಂದಿದೆ.